ಲೆವೆಲ್ ಮೂವತ್ತೈದರ ಗೋಡೆ

(ಗೇಮ್ ಮಾಡುವವರ ಒಂದು ಕೂಟದಲ್ಲಿ ಆಡಿದ ಮಾತಿನ ಬರಹ ರೂಪ ಇದು. ಅಲ್ಲಿ ಪರದೆಯ ಮೇಲೆ ತೋರಿಸಿದ್ದ ಗ್ರಾಫ್‌ಗಳನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ನಾವು ನಾಲ್ಕು ಜನ ಸೇರಿ ಒಂದು ಚಿಕ್ಕ ಆರ್‌ಪಿಜಿ ಮಾಡಿದ್ದೆವು. ಶತ್ರುವನ್ನು ಹೊಡೆದರೆ ಎಕ್ಸ್‌ಪಿ ಸಿಗುತ್ತದೆ, ಎಕ್ಸ್‌ಪಿ ಸಾಕಷ್ಟು ಕೂಡಿದರೆ ಲೆವೆಲ್ ಏರುತ್ತದೆ. ಒಟ್ಟು ನಲವತ್ತು ಲೆವೆಲ್. ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಆಟಗಾರರಿಂದ ಒಂದೇ ಧಾಟಿಯ ಮಾತು ಬರತೊಡಗಿತು: ‘ಗೇಮ್ ಚೆನ್ನಾಗಿದೆ, ಆದ್ರೆ ಮೂವತ್ತರ ಮೇಲೆ ಲೆವೆಲ್ ಅಲ್ಲಾಡೋದೇ ಇಲ್ಲ.’ ಒಬ್ಬರಂತೂ ‘ಮೂವತ್ತೈದರಲ್ಲಿ ಗೋಡೆ ಕಟ್ಟಿದ್ದೀರಾ?’ ಅಂತ ಕೇಳಿದ್ದರು. ನಾವು ಯಾವ ಗೋಡೆಯನ್ನೂ ಕಟ್ಟಿರಲಿಲ್ಲ. ಒಂದು ಸಾಲಿನ ಸೂತ್ರ ಬರೆದಿದ್ದೆವು, ಅಷ್ಟೇ. ಆ ಒಂದು ಸಾಲು ಏನು ಮಾಡಿತು, ಅದರ ಜಾಗದಲ್ಲಿ ನಾವು ಏನು ಹಾಕಿದೆವು ಅನ್ನುವುದೇ ಇವತ್ತಿನ ಮಾತು.

ಮೊದಲು ಹಳೆಯ ಸೂತ್ರ ನೋಡೋಣ. ಲೆವೆಲ್ L ನಿಂದ ಮುಂದಿನದಕ್ಕೆ ದಾಟಲು ಬೇಕಾದ ಎಕ್ಸ್‌ಪಿಯನ್ನು ನಾನು ‘ಹೊಸ್ತಿಲು’ ಅನ್ನುತ್ತೇನೆ. ನಮ್ಮ ಹೊಸ್ತಿಲು ಹೀಗಿತ್ತು:

```
need(L) = 100 * 1.2^(L-1)
```

ಮೊದಲ ಹೊಸ್ತಿಲು 100. ಆಮೇಲೆ ಪ್ರತಿ ಹೊಸ್ತಿಲೂ ಹಿಂದಿನದಕ್ಕಿಂತ ಶೇಕಡಾ 20ರಷ್ಟು ಎತ್ತರ. ಇದನ್ನು ಯಾಕೆ ಆರಿಸಿಕೊಂಡೆವು ಅಂತ ಕೇಳಿದರೆ ಪ್ರಾಮಾಣಿಕವಾದ ಉತ್ತರ ಒಂದೇ, ಎಲ್ಲರೂ ಹೀಗೇ ಮಾಡುತ್ತಾರೆ ಅಂದುಕೊಂಡಿದ್ದೆವು. ‘ಶೇಕಡಾ 20’ ಅನ್ನುವುದು ಕೇಳುವುದಕ್ಕೆ ಸಾಧುವಾಗಿಯೇ ಇದೆಯಲ್ಲ.

ಇನ್ನು ಗಳಿಕೆಯ ಕಡೆ. ಲೆವೆಲ್ L ನ ಶತ್ರುವನ್ನು ಸೋಲಿಸಿದರೆ 5L + 5 ಎಕ್ಸ್‌ಪಿ. ಅಂದರೆ ಮೊದಲ ಲೆವೆಲ್‌ನಲ್ಲಿ 10, ಹತ್ತರಲ್ಲಿ 55, ಮೂವತ್ತರಲ್ಲಿ 155. ಒಂದು ಕಾದಾಟಕ್ಕೆ ಸುಮಾರು 20 ಸೆಕೆಂಡ್ ಅಂತ ಇಟ್ಟುಕೊಂಡಿದ್ದೆವು. ಹಾಗಾಗಿ ನಿಮಿಷಕ್ಕೆ ಮೂರು ಶತ್ರುಗಳು, ನಿಮಿಷದ ಗಳಿಕೆ 15(L + 1).

ಈ ಎರಡೂ ಸೂತ್ರಗಳು ಬೇರೆ ಬೇರೆ ಫೈಲ್‌ಗಳಲ್ಲಿದ್ದವು. ಬೇರೆ ಬೇರೆ ಜನ ಬರೆದಿದ್ದರು. ಒಂದನ್ನು ಇನ್ನೊಂದರಿಂದ ಭಾಗಿಸಿ ನೋಡಬೇಕು ಅಂತ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಆಟಗಾರನಿಗೆ ತಟ್ಟುವುದು ಹೊಸ್ತಿಲಿನ ಎತ್ತರವೂ ಅಲ್ಲ, ಗಳಿಕೆಯ ಮೊತ್ತವೂ ಅಲ್ಲ. ಒಂದನ್ನು ಇನ್ನೊಂದರಿಂದ ಭಾಗಿಸಿದಾಗ ಉಳಿಯುವ ನಿಮಿಷಗಳು ಮಾತ್ರ. ಗೇಮ್ ಬಿಡುಗಡೆಯಾದ ಮೇಲೆ ಭಾಗಿಸಿ ನೋಡಿದೆವು.

ಮೊದಲ ಲೆವೆಲ್‌ಗೆ 3.3 ನಿಮಿಷ. ಐದನೆಯದಕ್ಕೆ 2.3. ಹೌದು, ಕಡಿಮೆಯಾಗಿದೆ! ಹತ್ತರಲ್ಲಿ ಮತ್ತೆ 3.1. ಇಪ್ಪತ್ತರಲ್ಲಿ 10 ನಿಮಿಷ. ಮೂವತ್ತರಲ್ಲಿ 43. ಮೂವತ್ತೈದರಲ್ಲಿ 91. ಮೂವತ್ತೊಂಬತ್ತರಿಂದ ನಲವತ್ತಕ್ಕೆ ದಾಟಲು 170 ನಿಮಿಷ, ಅಂದರೆ ಒಂದೇ ಒಂದು ಲೆವೆಲ್‌ಗೆ ಮೂರು ಗಂಟೆಗೆ ಹತ್ತು ನಿಮಿಷ ಕಡಿಮೆ.

ಇಡೀ ಆಟ ಮುಗಿಸಲು ಸುಮಾರು 20 ಗಂಟೆ ಬೇಕಿತ್ತು. ಅದರಲ್ಲಿ ಕೊನೆಯ ಐದು ಹೊಸ್ತಿಲುಗಳೇ ಹತ್ತೂವರೆ ಗಂಟೆಗೂ ಹೆಚ್ಚು ನುಂಗಿದ್ದವು. ಆಟಗಾರ ಮೂವತ್ತೈದನೇ ಲೆವೆಲ್‌ಗೆ ಬರುವ ಹೊತ್ತಿಗೆ ಆಡಿರುವುದು 9 ಗಂಟೆ 40 ನಿಮಿಷ. ‘ಇನ್ನೇನು ಐದೇ ಬಾಕಿ’ ಅಂದುಕೊಳ್ಳುವ ಆ ಜಾಗದಲ್ಲಿ ಅವನು ಅರ್ಧ ದಾರಿಯನ್ನೂ ಸವೆಸಿರಲಿಲ್ಲ. ಗೋಡೆ ಅಂದವರ ಮಾತು ಸುಳ್ಳಲ್ಲ.

ಇದು ನಮ್ಮ ಕಣ್ಣಿಗೆ ಮುಂಚೆಯೇ ಯಾಕೆ ಬೀಳಲಿಲ್ಲ? ಪರೀಕ್ಷೆಗೆ ಕೂತವರು ಒಮ್ಮೆಗೆ ಎರಡು ಗಂಟೆ ಆಡುತ್ತಿದ್ದರು. ಎರಡು ಗಂಟೆಯಲ್ಲಿ ಹಳೆಯ ಸೂತ್ರದ ಪ್ರಕಾರ ಇಪ್ಪತ್ಮೂರನೇ ಲೆವೆಲ್‌ಗೆ ಬಂದುಬಿಡಬಹುದು, ಅಂದರೆ ನಲವತ್ತರಲ್ಲಿ ಅರ್ಧಕ್ಕಿಂತ ಹೆಚ್ಚು. ಅವರೆಲ್ಲ ‘ಸ್ವಲ್ಪ ಬೇಗ ಬೇಗ ಏರುತ್ತೆ ಅನ್ಸುತ್ತೆ’ ಅಂದಿದ್ದರು! ಮೇಲಿನ ಲೆವೆಲ್‌ಗಳನ್ನು ನಾವು ಪರೀಕ್ಷಿಸಿದ್ದು ಮೂವತ್ತನೇ ಲೆವೆಲ್‌ನ ಸೇವ್ ಫೈಲ್ ತೆರೆದು, ಹತ್ತು ನಿಮಿಷ ಹೊಡೆದಾಡಿ, ಕ್ರ್ಯಾಶ್ ಆಗುವುದಿಲ್ಲ ಅಂತ ಖಾತ್ರಿ ಮಾಡಿಕೊಂಡು. ಹತ್ತು ನಿಮಿಷದಲ್ಲಿ 43 ನಿಮಿಷದ ಬೇಸರ ತಿಳಿಯುವುದಿಲ್ಲ.

ಕಾರಣ ಇಷ್ಟೇ. ಹೊಸ್ತಿಲು ಪ್ರತಿ ಸಲ ಗುಣಿಸಿಕೊಂಡು ಬೆಳೆಯುತ್ತಿತ್ತು, ಗಳಿಕೆ ಪ್ರತಿ ಸಲ ಕೂಡಿಕೊಂಡು ಬೆಳೆಯುತ್ತಿತ್ತು. ಲೆವೆಲ್ 1ರಿಂದ 2ಕ್ಕೆ ಹೋದಾಗ ಗಳಿಕೆ 10ರಿಂದ 15ಕ್ಕೆ, ಶೇಕಡಾ 50 ಏರಿಕೆ. ಅದು 20ಕ್ಕಿಂತ ಎಷ್ಟೋ ಹೆಚ್ಚು, ಹಾಗಾಗಿ ಮೊದಮೊದಲು ಲೆವೆಲ್‌ಗಳು ಚಿಕ್ಕದಾಗುತ್ತಲೇ ಹೋದವು. ಲೆವೆಲ್ 4ರಿಂದ 5ಕ್ಕೆ ಗಳಿಕೆಯ ಏರಿಕೆ ಸರಿಯಾಗಿ ಶೇಕಡಾ 20, ಅಲ್ಲಿ ಎರಡೂ ಸಮಸಮ. ಆಮೇಲೆ ಗಳಿಕೆಯ ಏರಿಕೆ ಶೇಕಡಾವಾರಿನಲ್ಲಿ ಕುಗ್ಗುತ್ತಲೇ ಹೋಗುತ್ತದೆ, ಮೂವತ್ತೊಂಬತ್ತರ ಹತ್ತಿರ ಶೇಕಡಾ ಮೂರೂ ಇಲ್ಲ. ಹೊಸ್ತಿಲು ಮಾತ್ರ ತನ್ನ 20 ಬಿಡುವುದಿಲ್ಲ. ಯಾವ ಸಂಖ್ಯೆಗಳನ್ನು ಹಾಕಿದರೂ ಈ ಓಟದಲ್ಲಿ ಗುಣಿಸುವವನೇ ಗೆಲ್ಲುವುದು. ಎಲ್ಲಿ ಗೆಲ್ಲುತ್ತಾನೆ ಅನ್ನುವುದಷ್ಟೇ ಬದಲಾಗುತ್ತದೆ.

ಇದು ನಿಮ್ಮ ಗೇಮ್‌ನಲ್ಲೂ ಇದೆಯೇ ಅಂತ ನೋಡಲು ಸುಲಭದ ದಾರಿ ಉಂಟು. ಪ್ರತಿ ಲೆವೆಲ್‌ನ ನಿಮಿಷಗಳನ್ನು ಹಿಂದಿನ ಲೆವೆಲ್‌ನ ನಿಮಿಷಗಳಿಂದ ಭಾಗಿಸುತ್ತಾ ಹೋಗಿ. ಕೊನೆಯ ಕಡೆಗೆ ಆ ಭಾಗಲಬ್ಧ 1ರ ಹತ್ತಿರ ಇಳಿಯುತ್ತಿದ್ದರೆ ಭಯವಿಲ್ಲ. ನಮ್ಮದು ಕೊನೆಯಲ್ಲಿ 1.17 ಇತ್ತು, ಅದೂ ಏರುತ್ತಾ 1.2ರ ಕಡೆಗೆ ಹೊರಟಿತ್ತು. ಅಲ್ಲಿ ಗೋಡೆ ಇದೆ ಅಂತಲೇ ಅರ್ಥ.

ಈಗ ನಮ್ಮ ಮೊದಲ ತಪ್ಪು ಮದ್ದಿನ ಕಥೆ. ಇದನ್ನು ಹೇಳಲೇಬೇಕು, ಯಾಕೆಂದರೆ ಇದೇ ಮದ್ದನ್ನು ಬೇರೆಯವರೂ ಕೊಡುವುದನ್ನು ನೋಡಿದ್ದೇನೆ. ಅವಸರದಲ್ಲಿ ನಾವು ಲೆವೆಲ್ 30ರಿಂದ ಆಚೆಗೆ ಎಲ್ಲ ಹೊಸ್ತಿಲುಗಳನ್ನೂ ಅರ್ಧ ಮಾಡಿ, ಒಂದು ಚಿಕ್ಕ ಪರೀಕ್ಷಾ ಗುಂಪಿಗೆ ಕೊಟ್ಟೆವು. ಎರಡು ದಿನಕ್ಕೆ ಬಂದ ಮೊದಲ ದೂರು: ‘ಮೂವತ್ತಕ್ಕೆ ಬಂದ ತಕ್ಷಣ ಏನೋ ಬಗ್ ಇದೆ, ಇದ್ದಕ್ಕಿದ್ದಂತೆ ಬೇಗ ಏರುತ್ತಿದೆ.’ ನಿಜವೇ. ಇಪ್ಪತ್ತೊಂಬತ್ತಕ್ಕೆ 37 ನಿಮಿಷ, ಮೂವತ್ತಕ್ಕೆ 21. ಏರುತ್ತಾ ಬಂದ ರಸ್ತೆ ಅಲ್ಲಿ ದಿಢೀರನೆ ಕುಸಿದಿತ್ತು. ಎರಡನೇ ದೂರು ಒಂದು ವಾರದ ಮೇಲೆ ಬಂತು, ಅದು ಹಳೆಯ ದೂರೇ. ಮೂವತ್ನಾಲ್ಕರಲ್ಲಿ 39 ನಿಮಿಷ, ಮೂವತ್ತೊಂಬತ್ತರಲ್ಲಿ 85.

ಶೇಕಡಾ 20ರಂತೆ ಗುಣಿಸಿಕೊಂಡು ಬೆಳೆಯುವ ಹೊಸ್ತಿಲು ಇಮ್ಮಡಿಯಾಗಲು ಬೇಕಾದ್ದು 3.8 ಲೆವೆಲ್. ಹಾಗಾಗಿ ಹೊಸ್ತಿಲನ್ನು ಅರ್ಧ ಮಾಡಿದರೆ ನೀವು ಗೋಡೆಯನ್ನು ಹೆಚ್ಚು ಕಡಿಮೆ ನಾಲ್ಕು ಲೆವೆಲ್ ಆಚೆಗೆ ತಳ್ಳಿದಿರಿ, ಬೀಳಿಸಲಿಲ್ಲ. ಗಳಿಕೆಯನ್ನು ಇಮ್ಮಡಿ ಮಾಡಿದರೂ ಅದೇ ಲೆಕ್ಕ. ‘ವಾರಾಂತ್ಯಕ್ಕೆ ಡಬಲ್ ಎಕ್ಸ್‌ಪಿ’ ಅನ್ನುವ ಹಬ್ಬಗಳಿಂದ ಈ ಕಾಯಿಲೆ ವಾಸಿಯಾಗದಿರುವುದು ಇದಕ್ಕೇ.

ಹಾಗಂದ ಮಾತ್ರಕ್ಕೆ ಗುಣಿಸಿಕೊಂಡು ಬೆಳೆಯುವ ಸೂತ್ರವೇ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ರೂನ್‌ಸ್ಕೇಪ್ ಆಡಿದವರಿಗೆ ಗೊತ್ತಿರುತ್ತದೆ, ಅಲ್ಲಿ ಒಂದು ಕೌಶಲದ 99ನೇ ಲೆವೆಲ್‌ಗೆ 1,30,34,431 ಎಕ್ಸ್‌ಪಿ ಬೇಕು, 92ಕ್ಕೆ 65,17,253. ಹೆಚ್ಚು ಕಡಿಮೆ ಸರಿಯಾಗಿ ಅರ್ಧ. ‘92 ಅಂದರೆ 99ರ ಅರ್ಧ’ ಅನ್ನುವುದು ಅಲ್ಲಿನ ಆಟಗಾರರ ಬಾಯಲ್ಲಿ ಗಾದೆಯಂತೆ ಓಡಾಡುತ್ತದೆ. ಅಲ್ಲಿ ಹೊಸ್ತಿಲು ಪ್ರತಿ ಏಳು ಲೆವೆಲ್‌ಗೆ ಇಮ್ಮಡಿ, ಅಂದರೆ ಲೆವೆಲ್‌ಗೆ ಸುಮಾರು ಶೇಕಡಾ 10. ಇಮ್ಮಡಿಯಾಗಲು ಎಷ್ಟು ಲೆವೆಲ್ ಬೇಕೋ, ಕೊನೆಯ ಅಷ್ಟು ಲೆವೆಲ್‌ಗಳು ಒಟ್ಟು ಎಕ್ಸ್‌ಪಿಯ ಅರ್ಧವನ್ನು ಹಿಡಿದಿಟ್ಟುಕೊಳ್ಳುತ್ತವೆ. ಇದು ಈ ಜಾತಿಯ ಸೂತ್ರದ ಹುಟ್ಟುಗುಣ. ವರ್ಷಗಟ್ಟಲೆ ಆಡುವ, ಮೇಲೇರಿದಂತೆ ಗಳಿಕೆಯ ವೇಗವೂ ಚೆನ್ನಾಗಿ ಹೆಚ್ಚುವ ಆಟಕ್ಕೆ ಅದು ಒಗ್ಗುತ್ತದೆ. ಇಪ್ಪತ್ತು ಗಂಟೆಯ ನಮ್ಮ ಗೇಮ್‌ಗೆ ಅದರ ಇಮ್ಮಡಿ ವೇಗವನ್ನು ಹಾಕಿದ್ದು ನಮ್ಮ ಪೆದ್ದತನ.

ಸರಿ, ಹೊಸ ಸೂತ್ರಕ್ಕೆ ಬರೋಣ. ಈ ಸಲ ಎಕ್ಸ್‌ಪಿಯಿಂದ ಶುರು ಮಾಡಲಿಲ್ಲ, ನಿಮಿಷದಿಂದ ಶುರು ಮಾಡಿದೆವು. ನಾಲ್ಕೂ ಜನ ಕೂತು ಎರಡೇ ಪ್ರಶ್ನೆ ಕೇಳಿಕೊಂಡೆವು. ಮೊದಲ ಲೆವೆಲ್‌ಗೆ ಎಷ್ಟು ನಿಮಿಷ ಆಗಬೇಕು? ಕೊನೆಯದಕ್ಕೆ ಎಷ್ಟು? ಮೊದಲನೆಯದಕ್ಕೆ ಮೂರು ಅಂತ ಬೇಗ ಒಪ್ಪಿದೆವು, ಅಷ್ಟರಲ್ಲಿ ಆಟಗಾರನಿಗೆ ‘ಲೆವೆಲ್ ಅಂದರೆ ಇದು’ ಅಂತ ತಿಳಿಯಬೇಕು. ಕೊನೆಯದಕ್ಕೆ ಜಗಳ ನಡೆಯಿತು. ಒಬ್ಬರು ಒಂದು ಗಂಟೆ ಅಂದರು, ಇನ್ನೊಬ್ಬರು ಇಪ್ಪತ್ತು ನಿಮಿಷಕ್ಕಿಂತ ಹೆಚ್ಚಾದರೆ ತಾನೇ ಆಡುವುದಿಲ್ಲ ಅಂದರು. ಕೊನೆಗೆ ‘ಒಂದು ಸಲ ಕೂತರೆ ಒಂದು ಲೆವೆಲ್ ಆಗಬೇಕು’ ಅನ್ನುವ ಮಾತಿಗೆ ಎಲ್ಲರೂ ಬಂದೆವು. ನಮ್ಮ ಆಟಗಾರರು ಒಮ್ಮೆ ಕೂತರೆ ಸಾಮಾನ್ಯವಾಗಿ ಮುಕ್ಕಾಲು ಗಂಟೆ ಆಡುತ್ತಿದ್ದರು. ಆದ್ದರಿಂದ ಕೊನೆಯ ಲೆವೆಲ್‌ಗೆ ನಲವತ್ತು ನಿಮಿಷದ ಆಸುಪಾಸು.

ಇವೆರಡರ ನಡುವೆ ನೇರ ಗೆರೆ ಎಳೆದೆವು. ಲೆವೆಲ್‌ಗೆ ಒಂದೊಂದು ನಿಮಿಷ ಜಾಸ್ತಿ:

```
T(L) = L + 2          (ನಿಮಿಷ)
R(L) = 15 * (L + 1)   (ನಿಮಿಷಕ್ಕೆ ಗಳಿಕೆ)
need(L) = T(L) * R(L) = 15 * (L + 1) * (L + 2)
```

ಮೊದಲ ಲೆವೆಲ್‌ಗೆ 3 ನಿಮಿಷ, ಇಪ್ಪತ್ತನೆಯದಕ್ಕೆ 22, ಮೂವತ್ತೊಂಬತ್ತನೆಯದಕ್ಕೆ 41. ಇಲ್ಲಿ ಹೊಸ್ತಿಲನ್ನು ಯಾರೂ ಊಹಿಸಲಿಲ್ಲ. ಸಮಯವನ್ನು ಗಳಿಕೆಯಿಂದ ಗುಣಿಸಿದ್ದಕ್ಕೆ ತಾನಾಗಿಯೇ ಬಂದದ್ದು. ಇಡೀ ಉಪನ್ಯಾಸದಲ್ಲಿ ನಾನು ಒತ್ತಿ ಹೇಳಬೇಕಾದ ಸಾಲು ಇದ್ದರೆ ಈ ಮೂರನೆಯದು. ನಾಳೆ ಯಾರಾದರೂ ಗಳಿಕೆಯನ್ನು ಬದಲಿಸಿದರೆ ಹೊಸ್ತಿಲೂ ಜೊತೆಗೇ ಬದಲಾಗುತ್ತದೆ, ನಿಮಿಷಗಳು ಕದಲುವುದಿಲ್ಲ.

ಒಂದು ಲೆವೆಲ್‌ಗೆ ಬಂದು ನಿಲ್ಲಲು ಶುರುವಿನಿಂದ ಒಟ್ಟು ಎಷ್ಟು ಎಕ್ಸ್‌ಪಿ ಬೇಕು ಅನ್ನುವುದು ಬೇರೆ ಲೆಕ್ಕ. ಈ ಎರಡನ್ನು ಬೆರೆಸಿಕೊಂಡು ಎಡವಿದವರು ಬಹಳ, ‘ಹೊಸ್ತಿಲು’ ಮತ್ತು ‘ಒಟ್ಟು’ ಎರಡಕ್ಕೂ ಕೋಡ್‌ನಲ್ಲಿ ಬೇರೆ ಬೇರೆ ಹೆಸರು ಇಟ್ಟುಕೊಳ್ಳಿ. ನಮ್ಮ ಹೊಸ್ತಿಲುಗಳನ್ನು ಕೂಡುತ್ತಾ ಹೋದರೆ ಅಂದವಾದ ಒಂದು ಸೂತ್ರವೇ ಸಿಗುತ್ತದೆ:

```
total(L) = 5 * L * (L + 1) * (L + 2) - 30
```

L = 1 ಹಾಕಿ, 30 − 30 = 0. ಆಟ ಶುರುವಾದಾಗ ಕೈಯಲ್ಲಿ ಏನೂ ಇಲ್ಲ, ಸರಿ. L = 2 ಹಾಕಿದರೆ 90, ಅದು ಮೊದಲ ಹೊಸ್ತಿಲು 15 × 2 × 3ಕ್ಕೆ ಸಮ. L = 40 ಹಾಕಿದರೆ 3,44,370. ನೋಡಿ, ಸಮಯ ನೇರ ಗೆರೆಯಲ್ಲಿ ಬೆಳೆಯಿತು, ಗಳಿಕೆಯೂ ನೇರ ಗೆರೆಯಲ್ಲಿ ಬೆಳೆಯಿತು, ಎರಡನ್ನೂ ಗುಣಿಸಿದಾಗ ಹೊಸ್ತಿಲು ವರ್ಗವಾಯಿತು, ಹೊಸ್ತಿಲುಗಳನ್ನು ಕೂಡಿದಾಗ ಒಟ್ಟು ಘನವಾಯಿತು. ಪೋಕೆಮಾನ್‌ನಲ್ಲಿ ಒಂದು ಗುಂಪಿನ ಒಟ್ಟು ಎಕ್ಸ್‌ಪಿ n³ ಅಷ್ಟೇ, ನೂರನೇ ಲೆವೆಲ್‌ಗೆ 10 ಲಕ್ಷ. ನಿಧಾನವಾಗಿ ಬೆಳೆಯುವ ಗುಂಪಿಗೆ ಅದರ ಒಂದೂಕಾಲು ಪಟ್ಟು, 12.5 ಲಕ್ಷ. ಆಕಾರ ಅದೇ, ಮುಂದಿರುವ ಗುಣಕ ಮಾತ್ರ ಬೇರೆ. ಘನ ಅಲ್ಲಿ ಯಾಕೆ ಕೂತಿದೆ ಅಂತ ನನಗೆ ಬಹಳ ದಿನ ಸೋಜಿಗವಿತ್ತು. ನಮ್ಮ ಲೆಕ್ಕ ನಾವೇ ಮಾಡಿದ ಮೇಲೆ ಅದು ಸಹಜ ಅನ್ನಿಸಿತು.

ಹೊಸ ಲೆಕ್ಕದಲ್ಲಿ ಒಟ್ಟು ಆಟ 858 ನಿಮಿಷ, 14 ಗಂಟೆ 18 ನಿಮಿಷ. ಕೊನೆಯ ಐದು ಲೆವೆಲ್‌ಗಳಿಗೆ 3 ಗಂಟೆ 15 ನಿಮಿಷ. ಆಗ ನಮ್ಮಲ್ಲೇ ಒಬ್ಬರು ಅಡ್ಡ ಪ್ರಶ್ನೆ ಎತ್ತಿದರು: ‘ಆಟವನ್ನೇ ಚಿಕ್ಕದು ಮಾಡಿದ್ದಕ್ಕೆ ಗೋಡೆ ಹೋಯಿತು, ಸೂತ್ರದ್ದೇನು ಮಹಾ?’ ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರವಾಗಿ ಗೆರೆಯ ಓರೆಯನ್ನು ಸ್ವಲ್ಪ ಹೆಚ್ಚಿಸಿ ನೋಡಿದೆವು, ಲೆವೆಲ್‌ಗೆ ಒಂದು ನಿಮಿಷದ ಬದಲು ಒಂದೂವರೆ. ಆಗ ಒಟ್ಟು 20 ಗಂಟೆ 28 ನಿಮಿಷ, ಹೆಚ್ಚು ಕಡಿಮೆ ಹಳೆಯ ಆಟದಷ್ಟೇ ಉದ್ದ. ಆದರೆ ಕೊನೆಯ ಲೆವೆಲ್‌ಗೆ 170 ನಿಮಿಷದ ಜಾಗದಲ್ಲಿ 60. ಕೊನೆಯ ಐದಕ್ಕೆ ಹತ್ತೂವರೆ ಗಂಟೆಯ ಜಾಗದಲ್ಲಿ ನಾಲ್ಕೂ ಮುಕ್ಕಾಲು. ಅಷ್ಟೇ ಗಂಟೆಗಳು, ಹಂಚಿಕೆ ಬೇರೆ. ಹಳೆಯ ಸೂತ್ರ ಮೊದಲ ಇಪ್ಪತ್ತು ಲೆವೆಲ್‌ಗಳನ್ನು ಒಂದೂವರೆ ಗಂಟೆಯಲ್ಲಿ ದುಂದು ಮಾಡಿ, ಉಳಿದ ಸಮಯವನ್ನೆಲ್ಲ ಕೊನೆಯಲ್ಲಿ ರಾಶಿ ಹಾಕಿತ್ತು. ಹದಿನಾಲ್ಕು ಗಂಟೆಯನ್ನೇ ನಾವು ಉಳಿಸಿಕೊಂಡದ್ದಕ್ಕೆ ಕಾರಣ ಬೇರೆ, ತೋರಿಸುವುದಕ್ಕೆ ನಮ್ಮ ಹತ್ತಿರ ಇದ್ದ ಹೊಸ ಜಾಗಗಳು ಮತ್ತು ಆಯುಧಗಳು ಅಷ್ಟಕ್ಕೇ ಸಾಲುತ್ತಿದ್ದವು.

ಸೂತ್ರ ನುಣುಪಾಗಿದ್ದರೆ ಸಾಲದು, ಅದರ ಎರಡೂ ತುದಿಗಳನ್ನು ಕೈಯಿಂದ ಲೆಕ್ಕ ಹಾಕಿ ನೋಡಬೇಕು. ಇದಕ್ಕೂ ಪೋಕೆಮಾನ್‌ನಲ್ಲೇ ಹೆಸರಾಂತ ಉದಾಹರಣೆ ಇದೆ. ಅಲ್ಲಿನ ಇನ್ನೊಂದು ಗುಂಪಿನ ಸೂತ್ರ 1.2n³ − 15n² + 100n − 140. ನಡುವೆ ಎಲ್ಲ ಚೆನ್ನಾಗಿದೆ. n = 1 ಹಾಕಿದರೆ ಸುಮಾರು −54 ಬರುತ್ತದೆ! ಮೊದಲ ತಲೆಮಾರಿನ ಗೇಮ್‌ಗಳಲ್ಲಿ ಎಕ್ಸ್‌ಪಿಯನ್ನು ಋಣ ಸಂಖ್ಯೆ ಹಿಡಿಯದ ಮೂರು ಬೈಟ್‌ನಲ್ಲಿ ಇಡುತ್ತಿದ್ದರು. ಆ −54 ಸುತ್ತಿಕೊಂಡು 1.67 ಕೋಟಿಗೂ ಮೇಲಿನ ಸಂಖ್ಯೆಯಾಗುತ್ತಿತ್ತು. ಸಹಜವಾಗಿ ಮೊದಲ ಲೆವೆಲ್‌ನ ಪೋಕೆಮಾನ್ ಆ ಆಟದಲ್ಲಿ ಸಿಗುವುದಿಲ್ಲವಾದ್ದರಿಂದ ಯಾರಿಗೂ ಕಾಣಲಿಲ್ಲ. ಬೇರೊಂದು ಗ್ಲಿಚ್‌ನಿಂದ ಅಂಥದ್ದನ್ನು ಹಿಡಿದವರು ಅದಕ್ಕೆ 54ಕ್ಕಿಂತ ಕಡಿಮೆ ಎಕ್ಸ್‌ಪಿ ಸಿಗುವ ಒಂದು ಕಾದಾಟ ಮಾಡಿಸಿದರೆ ನೇರವಾಗಿ ನೂರನೇ ಲೆವೆಲ್. ನಮ್ಮ ಸೂತ್ರದ ಬಾಲದಲ್ಲಿರುವ −30 ಬರೀ ಅಲಂಕಾರಕ್ಕಲ್ಲ ಅನ್ನುವುದು ಇದಕ್ಕೇ.

ಇನ್ನೊಂದು ಸಣ್ಣ ಹೊಂಡ. ಒಟ್ಟು ಎಕ್ಸ್‌ಪಿ ಕೊಟ್ಟರೆ ಲೆವೆಲ್ ಎಷ್ಟು ಅಂತ ತಿರುಗಿಸಿ ಹೇಳಬೇಕಾಗುತ್ತದೆ. ಸೂತ್ರ ಇದೆಯಲ್ಲ, ಘನಮೂಲ ತೆಗೆದರಾಯಿತು ಅನ್ನಿಸುವುದು ಸಹಜ. ಪೈಥಾನ್‌ನಲ್ಲಿ `64 ** (1/3)` ಅಂತ ಬರೆದು ನೋಡಿ, 4 ಬರುವುದಿಲ್ಲ, `3.9999999999999996` ಬರುತ್ತದೆ. ಅದನ್ನು ಪೂರ್ಣಾಂಕಕ್ಕೆ ಕತ್ತರಿಸಿದರೆ 3. ಆಟಗಾರ ಸರಿಯಾಗಿ ಹೊಸ್ತಿಲ ಮೇಲೆ ಕಾಲಿಟ್ಟ ಗಳಿಗೆಯಲ್ಲಿ ಲೆವೆಲ್ ಏರುವುದಿಲ್ಲ, ಇನ್ನೊಂದು ಶತ್ರುವನ್ನು ಹೊಡೆದರೆ ಏರುತ್ತದೆ. ಇಂಥ ಬಗ್ ಹಿಡಿಯುವುದು ಬಲು ಕಷ್ಟ. ನಲವತ್ತೇ ಲೆವೆಲ್ ಇರುವಾಗ ಘನಮೂಲದ ಗೋಜೇ ಬೇಡ. ಗೇಮ್ ಶುರುವಾಗುವಾಗ `total(1)` ರಿಂದ `total(40)` ವರೆಗೆ ಪೂರ್ಣಾಂಕಗಳ ಪಟ್ಟಿ ಮಾಡಿಟ್ಟುಕೊಂಡು, ಅದರಲ್ಲಿ ಹುಡುಕಿ.

ಈಗ ನಿಜವಾಗಿ ನಿದ್ದೆ ಕೆಡಿಸಿದ ವಿಷಯ. ಗೇಮ್ ಆಗಲೇ ಜನರ ಕೈಯಲ್ಲಿತ್ತು. ಅವರ ಸೇವ್ ಫೈಲ್‌ನಲ್ಲಿ ಇದ್ದದ್ದು ಒಟ್ಟು ಎಕ್ಸ್‌ಪಿ ಮಾತ್ರ, ಲೆವೆಲ್ ಅನ್ನು ಅದರಿಂದಲೇ ಲೆಕ್ಕ ಹಾಕುತ್ತಿದ್ದೆವು. ಹೊಸ ಸೂತ್ರ ಒಟ್ಟಾರೆ ಸುಲಭ, ಹಾಗಾಗಿ ಎಲ್ಲರಿಗೂ ಲೆವೆಲ್ ಹೆಚ್ಚೇ ಆಗುತ್ತದೆ ಅಂತ ನಾನು ಅಂದುಕೊಂಡಿದ್ದೆ. ಲೆಕ್ಕ ಹಾಕಿದರೆ ಉಲ್ಟಾ. ಇಪ್ಪತ್ತನೇ ಲೆವೆಲ್‌ಗೆ ಹಳೆಯ ಲೆಕ್ಕದಲ್ಲಿ ಒಟ್ಟು 15,474 ಸಾಕಿತ್ತು, ಹೊಸದರಲ್ಲಿ 46,170 ಬೇಕು. ಎರಡು ಗ್ರಾಫ್‌ಗಳೂ ಒಂದನ್ನೊಂದು ದಾಟುವುದು 34 ಮತ್ತು 35ರ ನಡುವೆ. ಅಂದರೆ ಮೂವತ್ನಾಲ್ಕರ ಒಳಗಿರುವ ಬಹುತೇಕ ಎಲ್ಲರೂ ಬೆಳಗ್ಗೆ ಎದ್ದು ಗೇಮ್ ತೆರೆದರೆ ಲೆವೆಲ್ ಇಳಿದಿರುತ್ತಿತ್ತು. ಮೂವತ್ತೇಳರಲ್ಲಿದ್ದವರು ಏನೂ ಮಾಡದೆ ನಲವತ್ತಕ್ಕೆ ಹಾರಿರುತ್ತಿದ್ದರು.

ಒಬ್ಬ ಆಟಗಾರನ ಲೆಕ್ಕವನ್ನು ಪೂರ್ತಿ ಮಾಡಿ ತೋರಿಸುತ್ತೇನೆ. ಅವನ ಹತ್ತಿರ 17,000 ಎಕ್ಸ್‌ಪಿ ಇದೆ. ಹಳೆಯ ಲೆಕ್ಕದಲ್ಲಿ ಲೆವೆಲ್ 20. ಅದೇ 17,000 ಅನ್ನು ಹೊಸ ಪಟ್ಟಿಯಲ್ಲಿ ಹುಡುಕಿದರೆ ಲೆವೆಲ್ 14. ಆರು ಲೆವೆಲ್ ಕಳೆದುಕೊಂಡವನು ಮತ್ತೆ ನಿಮ್ಮ ಕಡೆ ತಲೆ ಹಾಕುವುದಿಲ್ಲ. ಆದ್ದರಿಂದ ಎಕ್ಸ್‌ಪಿಯನ್ನು ಹಾಗೇ ಒಯ್ಯಬಾರದು. ಲೆವೆಲ್ಲನ್ನೂ ಆ ಲೆವೆಲ್‌ನ ಒಳಗೆ ಅವನು ಎಷ್ಟು ಪಾಲು ಸವೆಸಿದ್ದಾನೆ ಅನ್ನುವುದನ್ನೂ ಒಯ್ಯಬೇಕು. ಇಪ್ಪತ್ತು ಮುಟ್ಟಿದ ಮೇಲೆ ಅವನು ಗಳಿಸಿದ್ದು 1,526. ಆ ಹೊಸ್ತಿಲು 3,195. ಅಂದರೆ ಶೇಕಡಾ 48ರಷ್ಟು ದಾರಿ ಆಗಿದೆ. ಹೊಸ ಲೆಕ್ಕದಲ್ಲಿ ಇಪ್ಪತ್ತರ ಹೊಸ್ತಿಲು 15 × 21 × 22, ಅಂದರೆ 6,930. ಅದರಲ್ಲಿ ಅಷ್ಟೇ ಪಾಲು ತೆಗೆದರೆ ಸುಮಾರು 3,310. 46,170ಕ್ಕೆ ಕೂಡಿಸಿ, 49,480 ಅಂತ ಬರೆದಿಟ್ಟೆವು. ಪರದೆಯ ಮೇಲಿನ ಎಕ್ಸ್‌ಪಿ ಬಾರ್ ಅವನು ಬಿಟ್ಟುಹೋದ ಜಾಗದಲ್ಲೇ ನಿಂತಿತ್ತು. ಸೇವ್ ಫೈಲ್‌ಗೆ ಒಂದು ಆವೃತ್ತಿ ಸಂಖ್ಯೆ ಸೇರಿಸುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಇದೇ ಪರಿವರ್ತನೆ ಎರಡು ಸಲ ನಡೆದುಬಿಡುತ್ತದೆ. ನಮ್ಮಲ್ಲಿ ಒಬ್ಬರ ಫೋನ್‌ನಲ್ಲಿ ನಡೆಯಿತು ಕೂಡ, ಪುಣ್ಯಕ್ಕೆ ಅದು ನನ್ನದೇ ಫೋನ್.

ಹೊಸ ಸೂತ್ರ ಹೊರಬಿದ್ದ ಮೇಲೆ ನಿಜವಾದ ನಿಮಿಷಗಳನ್ನು ಅಳೆಯತೊಡಗಿದೆವು. ಪ್ರತಿ ಲೆವೆಲ್ ಏರಿದಾಗ ಆಡಿದ ಸಮಯವನ್ನು ದಾಖಲಿಸುವುದು, ಆಟವನ್ನು ನಿಲ್ಲಿಸಿಟ್ಟ ಹೊತ್ತನ್ನು ಕಳೆಯುವುದು, ಎಲ್ಲರದ್ದನ್ನೂ ಸಾಲಾಗಿ ಜೋಡಿಸಿ ನಡುವಿನದ್ದನ್ನು ತೆಗೆದುಕೊಳ್ಳುವುದು. ಇದರಲ್ಲಿ ಒಂದು ಮೋಸ ಅಡಗಿದೆ. ಮೂವತ್ತೆಂಟನ್ನು ದಾಟಿದವರ ನಿಮಿಷ ಮಾತ್ರ ನಿಮಗೆ ಸಿಗುತ್ತದೆ. ಬೇಸತ್ತು ಬಿಟ್ಟವರು ದಾಟಿಯೇ ಇಲ್ಲ, ಅವರ ಸಮಯ ಲೆಕ್ಕಕ್ಕೇ ಬರುವುದಿಲ್ಲ. ಉಳಿದವರು ಚುರುಕು ಕೈಯವರು. ಹಾಗಾಗಿ ಗೋಡೆ ಇದ್ದರೂ ಅಂಕಿಯಲ್ಲಿ ಅದು ಗಿಡ್ಡವಾಗಿ ಕಾಣುತ್ತದೆ. ನಾವು ಎರಡು ವಾರದಿಂದ ಗೇಮ್ ತೆರೆಯದವರನ್ನು ಬೇರೆಯಾಗಿ ತೆಗೆದು, ಅವರು ಯಾವ ಲೆವೆಲ್‌ನಲ್ಲಿ ಎಷ್ಟು ನಿಮಿಷ ಕೂತು ಎದ್ದುಹೋದರು ಅಂತಲೂ ನೋಡಿದೆವು. ಹೆಚ್ಚು ತಿಳಿದದ್ದು ಅದರಿಂದಲೇ.

ಇಪ್ಪತ್ತರವರೆಗೆ ಲೆಕ್ಕಕ್ಕೂ ನಿಜಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಇಪ್ಪತ್ತೈದರಲ್ಲಿ 27 ನಿಮಿಷ ಆಗಬೇಕಿತ್ತು, ಆಗುತ್ತಿದ್ದದ್ದು 40. ಹೊಸ್ತಿಲನ್ನು ಇಳಿಸಿ ಅನ್ನುವ ಕೂಗು ಮತ್ತೆ ಎದ್ದಿತು. ಆದರೆ ತಪ್ಪು ಹೊಸ್ತಿಲಿನದಲ್ಲ. 20 ಸೆಕೆಂಡ್ ಅಂದುಕೊಂಡಿದ್ದ ಕಾದಾಟ ಅಲ್ಲಿ 30 ಸೆಕೆಂಡ್ ಹಿಡಿಯುತ್ತಿತ್ತು. ಶತ್ರುವಿನ ಜೀವಬಲ ಲೆವೆಲ್‌ಗೆ ಶೇಕಡಾ 10ರಂತೆ ಗುಣಿಸಿಕೊಂಡು ಬೆಳೆಯುತ್ತಿತ್ತು, ಆಯುಧದ ಪೆಟ್ಟು ಕೂಡಿಕೊಂಡು ಬೆಳೆಯುತ್ತಿತ್ತು. ಅದೇ ಓಟ, ಅದೇ ಗೆಲುವು, ಇನ್ನೊಂದು ಫೈಲ್‌ನಲ್ಲಿ. ಅಲ್ಲೂ ಅದೇ ಉಪಾಯ ಮಾಡಿದೆವು, ಕಾದಾಟ ಎಷ್ಟು ಸೆಕೆಂಡ್ ನಡೆಯಬೇಕು ಅಂತ ಮೊದಲು ನಿಶ್ಚಯಿಸಿ, ಅದನ್ನು ಆ ಲೆವೆಲ್‌ನ ಆಯುಧದ ಸೆಕೆಂಡಿನ ಪೆಟ್ಟಿನಿಂದ ಗುಣಿಸಿ ಜೀವಬಲ ಕೊಟ್ಟೆವು.

ಸಭೆಯಿಂದ ಬಂದ ಮೊದಲ ಪ್ರಶ್ನೆ: ‘ಹಾಗಾದರೆ ಎಲ್ಲ ಲೆವೆಲ್‌ಗೂ ಒಂದೇ ಸಮಯ ಇಟ್ಟರೆ ಆಗದೇ ಸರ್? ಇಪ್ಪತ್ತು ನಿಮಿಷ ಅಂತ?’

ಇಟ್ಟು ನೋಡಿದ್ದೆವು. ಮೊದಲ ಲೆವೆಲ್‌ಗೇ ಇಪ್ಪತ್ತು ನಿಮಿಷ ಅಂದರೆ ಹೊಸಬ ಅಲ್ಲೇ ಎದ್ದು ಹೋಗುತ್ತಾನೆ. ಶುರುವಿನಲ್ಲಿ ಪ್ರತಿ ಲೆವೆಲ್‌ಗೂ ಒಂದು ಹೊಸ ಹೊಡೆತ ಕಲಿಸುತ್ತೇವೆ, ಅದನ್ನು ಕೈಗೆ ರೂಢಿಸಿಕೊಳ್ಳಲು ಮೂರ್ನಾಲ್ಕು ನಿಮಿಷ ಸಾಕು. ಮುಂದೆ ಹೊಸದು ಬರುವುದು ಅಪರೂಪ, ಬಂದದ್ದು ದೊಡ್ಡದಾಗಿರುತ್ತದೆ, ಅದನ್ನು ಅನುಭವಿಸಲು ಸಮಯ ಬೇಕು. ನಿಮ್ಮ ಗೇಮ್‌ನಲ್ಲಿ ಹೊಸತನ ಕೊನೆಯವರೆಗೂ ಒಂದೇ ಸಮನೆ ಬರುತ್ತಿದ್ದರೆ ಗೆರೆಯ ಓರೆಯನ್ನು ತೀರಾ ಕಡಿಮೆ ಮಾಡಿ, ತಪ್ಪೇನಿಲ್ಲ. ಅರ್ಧ ನಿಮಿಷದ ಓರೆ ಇಟ್ಟರೆ ನಮ್ಮದೇ ಗೇಮ್ ಎಂಟು ಗಂಟೆ ಚಿಲ್ಲರೆಯಲ್ಲಿ ಮುಗಿಯುತ್ತದೆ, ಕೊನೆಯ ಲೆವೆಲ್ 22 ನಿಮಿಷ.

ಎರಡನೆಯದು ಒಬ್ಬ ಹುಡುಗಿಯದು: ‘ನಮ್ಮ ಗೇಮ್‌ನಲ್ಲಿ ಕ್ವೆಸ್ಟ್‌ಗೂ ಎಕ್ಸ್‌ಪಿ ಕೊಡ್ತೀವಿ. ನಿಮಿಷದ ಗಳಿಕೆ ಒಬ್ಬೊಬ್ಬರದು ಒಂದೊಂದು ಥರ. ಆಗ R ಅಂತ ಯಾವುದನ್ನ ಹಾಕೋದು?’

ಕ್ವೆಸ್ಟ್‌ನ ಬಹುಮಾನವನ್ನೂ ನಿಮಿಷದಲ್ಲೇ ಬರೆಯಮ್ಮ. ಈ ಕ್ವೆಸ್ಟ್ ಮಾಡಲು ಆರು ನಿಮಿಷ ಬೇಕು ಅಂದರೆ ಆ ಲೆವೆಲ್‌ನ ಆರು ನಿಮಿಷದ ಗಳಿಕೆಯನ್ನು ಕೊಡು, ಆಸೆ ಹುಟ್ಟಿಸಲು ಎಂಟು ನಿಮಿಷದ್ದು ಕೊಟ್ಟರೂ ಸರಿ. ಆಗ ಹೊಡೆದಾಡುವವರಿಗೂ ಕ್ವೆಸ್ಟ್ ಮಾಡುವವರಿಗೂ R ಹತ್ತಿರ ಹತ್ತಿರ ಇರುತ್ತದೆ. ‘500 ಎಕ್ಸ್‌ಪಿ’ ಅಂತ ಸಂಖ್ಯೆಯನ್ನು ಕ್ವೆಸ್ಟ್‌ನ ಫೈಲ್‌ನಲ್ಲಿ ನೇರವಾಗಿ ಬರೆದಿಟ್ಟರೆ, ಮುಂದಿನ ಸಲ ಗಳಿಕೆಯ ಸೂತ್ರ ಬದಲಿಸಿದಾಗ ಅಷ್ಟೂ ಕ್ವೆಸ್ಟ್‌ಗಳನ್ನು ಒಂದೊಂದಾಗಿ ತೆರೆದು ತಿದ್ದುತ್ತಾ ಕೂರಬೇಕು. ನಮ್ಮಲ್ಲಿ ಅಂಥವು ಅರುವತ್ತಕ್ಕೂ ಹೆಚ್ಚು ಇದ್ದವು.